ತೌಡಿನ ಎಣ್ಣೆಯ ಮೀಥೈಲ್ ಎಸ್ಟರ್: ಬೋರಾನ್ ಬಾಟಲಿಯ ಹಂಗಿಲ್ಲದೆ

ದಾವಣಗೆರೆಯ ಸುತ್ತ ಅಕ್ಕಿ ಗಿರಣಿಗಳಿಗೆ ಬರವಿಲ್ಲ. ಹಾಗಾಗಿ ನಮ್ಮ ಚಿಕ್ಕ ಪ್ರಯೋಗಾಲಯಕ್ಕೆ ಬರುವ ಮಾದರಿಗಳಲ್ಲಿ ಕಚ್ಚಾ ತೌಡಿನ ಎಣ್ಣೆಯದೇ ದೊಡ್ಡ ಪಾಲು. ಶೇಂಗಾ ಎಣ್ಣೆಗೆ ನಾನು ಎಲ್ಲರಂತೆ ಮೆಥನಾಲ್‌ನಲ್ಲಿ ಕರಗಿಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ, ಅರ್ಧ ನಿಮಿಷ ಕುಲುಕಿ, ಯಾವ ಕೊಬ್ಬಿನಾಮ್ಲ ಎಷ್ಟಿದೆ ಎಂದು ಅಳೆಯಲು ಎಸ್ಟರ್ ಇರುವ ಮೇಲಿನ ಪದರವನ್ನು ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರಕ್ಕೆ ಕೊಡುತ್ತಿದ್ದೆ. ತೌಡಿನ ಎಣ್ಣೆಗೂ ಅದನ್ನೇ ಮಾಡಿ ಎರಡು ವರ್ಷ ಕಳೆದೆ. ಕೊಳವೆಯಲ್ಲಿ ಮಜ್ಜಿಗೆಯಂಥ ನೊರೆ ಕಟ್ಟುತ್ತಿತ್ತು. ಅದು ಸಾಬೂನು ಎಂದು ಗೊತ್ತಿದ್ದರೂ, ಗ್ರಾಫ್ ಚೆನ್ನಾಗಿ ಬರುತ್ತಿತ್ತಲ್ಲ ಎಂದು ಸುಮ್ಮನಿದ್ದೆ.

ಒಮ್ಮೆ ಮುಕ್ತ ಆಮ್ಲ ಸುಮಾರು ಶೇ. 18ರಷ್ಟಿದ್ದ ಎಣ್ಣೆ ಬಂತು. ತೌಡನ್ನು ಬಹಳ ದಿನ ಇಟ್ಟು ಆಮೇಲೆ ಎಣ್ಣೆ ತೆಗೆದಿದ್ದರು. ಕ್ಷಾರವು ಗ್ಲಿಸರೈಡ್‌ಗಳನ್ನು ಮಾತ್ರ ಎಸ್ಟರ್ ಮಾಡುತ್ತದೆ; ಮುಕ್ತ ಆಮ್ಲವೆಲ್ಲ ಸಾಬೂನಾಗಿ ಕೆಳಗಿನ ಪದರಕ್ಕೆ ಇಳಿಯುತ್ತದೆ. ಅಂದರೆ ಎಣ್ಣೆಯ ಐದನೇ ಒಂದು ಭಾಗದಷ್ಟು ನನ್ನ ವರದಿಗೆ ಬಂದೇ ಇರಲಿಲ್ಲ.

ಪರಿಚಯದ ಹಿರಿಯರೊಬ್ಬರು, "ಬೋರಾನ್ ಟ್ರೈಫ್ಲೋರೈಡ್ ಇಲ್ಲದೆ ಇದು ಆಗುವ ಕೆಲಸವಲ್ಲ" ಎಂದರು. ಮುಕ್ತ ಆಮ್ಲವನ್ನೂ ಎಸ್ಟರ್ ಮಾಡುವ ಆ ದ್ರಾವಣವನ್ನು ತರಿಸಿದೆ. ನೆನಪಿನ ಪ್ರಕಾರ ಸಾಗಣೆ ಸೇರಿ ಎಂಟು ಸಾವಿರ ದಾಟಿತು. ಮೊದಲ ತಿಂಗಳು ಸೊಗಸಾಗಿ ನಡೆಯಿತು. ಮಳೆಗಾಲ ಕಳೆದು ಅದೇ ಬಾಟಲಿ ತೆಗೆದಾಗ ಲಿನೋಲಿಯಿಕ್ ಇಳಿದಿತ್ತು, ಗ್ರಾಫ್‌ನ ಕೊನೆಯಲ್ಲಿ ಊರು ಹೆಸರಿಲ್ಲದ ಶಿಖರಗಳು ಎದ್ದಿದ್ದವು. ಹಳಸಿದ ಬೋರಾನ್ ದ್ವಿಬಂಧಗಳಿಗೆ ಮೆಥಾಕ್ಸಿ ಅಂಟಿಸುತ್ತದೆ ಎಂದು ಓದಿದ್ದೆ. ಕಣ್ಣಾರೆ ಕಂಡದ್ದು ಅಂದು. ಅರ್ಧ ಬಾಟಲಿ ಚೆಲ್ಲಬೇಕಾಯಿತು.

ಕೊನೆಗೆ ಹಿಡಿದದ್ದು ಹಳೆಯ ಗಂಧಕಾಮ್ಲದ ದಾರಿ. ನಾನು ಸೇರಿಸಿಕೊಂಡದ್ದು ಒಂದೇ: ಹದಿನೇಳು ಇಂಗಾಲದ ಹೆಪ್ಟಾಡೆಕನೋಯಿಕ್ ಆಮ್ಲ. ಎಸ್ಟರ್ ಅಲ್ಲ, ಮುಕ್ತ ಆಮ್ಲವೇ. ಸಿದ್ಧ ಎಸ್ಟರ್ ಹಾಕಿದರೆ ಕ್ರಿಯೆ ನಡೆಯಿತೋ ಇಲ್ಲವೋ ಅದು ಹೇಳುವುದಿಲ್ಲ. ನೂರು ಮಿಲಿಗ್ರಾಂ ಎಣ್ಣೆಗೆ ಹತ್ತು ಮಿಲಿಗ್ರಾಂ ಈ ಆಮ್ಲ ಸೇರಿಸಿ ಹತ್ತು ಮಿಲಿ ಟಾಲ್ವೀನ್‌ನಲ್ಲಿ ಕರಗಿಸುತ್ತೇನೆ. ಅದರಲ್ಲಿ ಒಂದು ಮಿಲಿಗೆ, ಶೇ. 1 ಗಂಧಕಾಮ್ಲವಿರುವ ಒಣ ಮೆಥನಾಲ್ ಎರಡು ಮಿಲಿ. ಮುಚ್ಚಿ 50 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುತ್ತೇನೆ. ಬೆಳಗ್ಗೆ ಉಪ್ಪುನೀರು, ಹೆಕ್ಸೇನ್, ಬೈಕಾರ್ಬೊನೇಟ್ ತೊಳೆತ, ಸೋಡಿಯಂ ಸಲ್ಫೇಟ್. ಇದು ನಿಮಗೆಲ್ಲ ಗೊತ್ತಿರುವುದೇ.

ಎಲ್ಲವೂ ಎಸ್ಟರ್ ಆಗಿದ್ದರೆ ಹದಿನೇಳು ಇಂಗಾಲದ ಶಿಖರ ಒಟ್ಟಿನ ಶೇ. 9ರ ಆಸುಪಾಸು ಬರಬೇಕು. ಕ್ಷಾರದ ವಿಧಾನದಲ್ಲಿ ಅದು ಕಾಣಲೇ ಇಲ್ಲ. ಆಮ್ಲದಲ್ಲಿ ಎರಡೇ ಗಂಟೆ ಇಟ್ಟು, ಟಾಲ್ವೀನ್ ಬಿಟ್ಟು ನೋಡಿದಾಗ ಹದಿನಾಲ್ಕೋ ಹದಿನೈದೋ ಬಂತು. ಮೊದಲು ತಕ್ಕಡಿಯನ್ನೇ ಬೈದೆ. ಆಮೇಲೆ ಹೊಳೆಯಿತು: ಮುಕ್ತ ಆಮ್ಲ ಬೇಗ ಎಸ್ಟರ್ ಆಗುತ್ತದೆ, ಗ್ಲಿಸರೈಡ್ ನಿಧಾನ. ಮೆಥನಾಲ್‌ನಲ್ಲಿ ಕರಗದ ಎಣ್ಣೆ ತಳದಲ್ಲಿ ಹನಿಯಾಗಿ ಕುಳಿತೇ ಇತ್ತು. ಹೀಗಾಗಿ ಒಂಬತ್ತಕ್ಕಿಂತ ಕಡಿಮೆಯಾದರೆ ಆಮ್ಲ ಉಳಿದಿದೆ, ಹೆಚ್ಚಾದರೆ ಎಣ್ಣೆ ಉಳಿದಿದೆ. ಒಂದೇ ಶಿಖರ ಎರಡೂ ಕಡೆಯ ದೂರು ಹೇಳುತ್ತದೆ. ಈ ಉಪಾಯಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೇನೆ.

ಅದು ಉಪಯೋಗಕ್ಕೂ ಬಂತು. ಒಂದು ಬೆಳಗ್ಗೆ ಹನ್ನೆರಡು ತೋರಿಸಿತು. ವಿಚಾರಿಸಿದರೆ ರಾತ್ರಿ ನಾಲ್ಕು ಗಂಟೆ ಕರೆಂಟ್ ಇರಲಿಲ್ಲ. ಬಿಸಿನೀರು ತುಂಬಿದ ಹಾಟ್‌ಬಾಕ್ಸ್‌ನಲ್ಲಿ ಕೊಳವೆ ಇಟ್ಟೂ ನೋಡಿದೆ. ಬೆಳಗ್ಗೆಗೆ ನೀರು ಉಗುರುಬೆಚ್ಚಗಾಗಿತ್ತು. ಈಗ ಇನ್‌ಕ್ಯುಬೇಟರನ್ನು ಯುಪಿಎಸ್‌ಗೆ ಜೋಡಿಸಿದ್ದೇನೆ. ಮುಚ್ಚಳ ಸೋರಿ ಮೆಥನಾಲ್ ಆವಿಯಾದರೂ ಸಂಖ್ಯೆ ಹೀಗೆಯೇ ಏರುತ್ತದೆ. ಒಳಗೆ ಟೆಫ್ಲಾನ್ ಹಾಳೆ ಇರುವ ಮುಚ್ಚಳವನ್ನೇ ಬಳಸಿ. ರಬ್ಬರಿನದು ತನ್ನದೇ ಶಿಖರ ತರುತ್ತದೆ. ಮುಚ್ಚಳ ಬಿಗಿಯಲು ನಾನು ಮಾಡುವ ಇನ್ನೊಂದು ಕೆಲಸವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮುಕ್ತ ಆಮ್ಲ ಶೇ. 18ರಷ್ಟಿದ್ದ ಆ ಎಣ್ಣೆಯ ಪಾಮಿಟಿಕ್ ಕ್ಷಾರದಲ್ಲಿ ಹದಿನೆಂಟೂವರೆ ಇದ್ದದ್ದು ಆಮ್ಲದಲ್ಲಿ ಇಪ್ಪತ್ತಕ್ಕೆ ಏರಿತು. ತೌಡಿನ ಲೈಪೇಸ್ ಗ್ಲಿಸರೈಡ್‌ನ ಹೊರಗಿನ ಎರಡು ತೋಳುಗಳನ್ನು ಮೊದಲು ಕಡಿಯುತ್ತದೆ, ಪಾಮಿಟಿಕ್ ಹೆಚ್ಚಾಗಿ ಇರುವುದೂ ಅಲ್ಲೇ. ಸಾಬೂನಿನ ಜೊತೆ ನಾನು ಚೆಲ್ಲುತ್ತಿದ್ದುದು ಅದನ್ನೇ. ರಾಸಾಯನಿಕದ ಖರ್ಚು ಈಗ ಮಾದರಿಗೆ ಮೂವತ್ತು ರೂಪಾಯಿ ಮುಟ್ಟುವುದಿಲ್ಲ. ಆ ಹಿರಿಯರೇ ಕಳೆದ ತಿಂಗಳು ಫೋನ್ ಮಾಡಿ, "ಟಾಲ್ವೀನ್ ಎಷ್ಟು ಹಾಕುತ್ತೀರಪ್ಪಾ?" ಎಂದು ಕೇಳಿದರು.

ಗೆದ್ದ ಉತ್ಸಾಹದಲ್ಲಿ ನಮ್ಮೂರಿನ ಬೆಣ್ಣೆಗೂ ಇದನ್ನೇ ಮಾಡಿ ಪೆಟ್ಟು ತಿಂದೆ. ಬ್ಯುಟಿರಿಕ್ ಶಿಖರ ಬಹುಮಟ್ಟಿಗೆ ಮಾಯ. ಅದರ ಎಸ್ಟರ್ ಒಂದಿಷ್ಟು ನೀರಿಗೆ ಹೋಗಿತ್ತು, ಉಳಿದದ್ದು ಹೆಕ್ಸೇನ್ ಆರಿಸಲು ನೈಟ್ರೋಜನ್ ಊದಿದಾಗ ಹಾರಿತ್ತು. ತಾಜಾ ಬೆಣ್ಣೆಯಲ್ಲಿ ಮುಕ್ತ ಆಮ್ಲ ಅತ್ಯಲ್ಪ. ಅದಕ್ಕೆ ಹಳೆಯ ಕ್ಷಾರವೇ ಸರಿ, ಅದೂ ತಣ್ಣಗೆ; ಊದದೆ, ತೊಳೆಯದೆ ಹೆಕ್ಸೇನ್ ಪದರವನ್ನು ನೇರವಾಗಿ ವಯಲ್‌ಗೆ ಹಾಕುತ್ತೇನೆ.