‘ಹೌ ಡು ಯು ಡು’ ಅಂದವರಿಗೆ ನಾನು ‘ಎಂ.ಎ.’ ಅಂದೆ

ನನ್ನ ಸೋದರಮಾವ ಚಿತ್ರದುರ್ಗದ ಕೋಟೆಯಲ್ಲಿ ಗೈಡ್. ನಾನು ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ ಒಮ್ಮೆ ರಜೆಗೆ ಅವರ ಮನೆಗೆ ಹೋಗಿದ್ದೆ. ಒಂದು ಬೆಳಿಗ್ಗೆ ಇಂಗ್ಲೆಂಡಿನ ವಯಸ್ಸಾದ ಗಂಡ ಹೆಂಡತಿ ಕೋಟೆ ನೋಡಲು ಬಂದರು. ಮಾವ ನನ್ನನ್ನು ಮುಂದಕ್ಕೆ ತಳ್ಳಿ, ‘ಮೈ ಸಿಸ್ಟರ್ಸ್ ಡಾಟರ್’ ಅಂತ ಪರಿಚಯ ಮಾಡಿಸಿದರು. ಆ ಅಜ್ಜ ಕೈ ಚಾಚಿ ಏನೋ ಅಂದರು. ನನ್ನ ಕಿವಿಗೆ ಬಿದ್ದದ್ದು ‘ಹೌಜುಡೂ’. ಅದರಲ್ಲೂ ಕೊನೆಯ ‘ಡೂ’ ಮಾತ್ರ ಸರಿಯಾಗಿ ಕೇಳಿತು. ‘ಏನು ಮಾಡ್ತಾ ಇದ್ದೀಯಮ್ಮಾ’ ಅಂತ ಕೇಳಿರಬೇಕು ಅಂದುಕೊಂಡು, ‘ಐ ಆಮ್ ಡೂಯಿಂಗ್ ಎಂ.ಎ., ಸರ್’ ಅಂದೆ.

ಅವರು ಒಂದು ಕ್ಷಣ ತಡೆದು, ಆಮೇಲೆ ನಕ್ಕು, ಓದಿನ ಬಗ್ಗೆ ಎರಡು ಮಾತು ಕೇಳಿದರು. ಒಳ್ಳೆಯವರು. ಆದರೆ ಆ ಒಂದು ಕ್ಷಣ ನನಗೆ ಚುಚ್ಚಿತು. ಅವರು ಅಂದದ್ದು ‘ಹೌ ಡು ಯು ಡು’ ಅಂತ ಗೊತ್ತಾದದ್ದು ಒನಕೆ ಕಿಂಡಿಯ ಹತ್ತಿರ ಹೋಗುವಷ್ಟರಲ್ಲಿ. ಪುಸ್ತಕದಲ್ಲಿ ನಾಲ್ಕು ಬಿಡಿಬಿಡಿ ಪದಗಳಾಗಿ ಓದಿದ್ದೆ. ಬಾಯಿಂದ ಬರುವಾಗ ಅದು ಒಂದೇ ಪದ ಆಗಿರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಈಗ ದಾವಣಗೆರೆಯಲ್ಲಿ ಮನೆಯಲ್ಲೇ ಸಂಜೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಮಾಡುತ್ತೇನೆ. ಮೊದಲ ಪರಿಚಯದಲ್ಲಿ ಹೇಳುವ ‘ನೈಸ್ ಟು ಮೀಟ್ ಯು’, ‘ಪ್ಲೀಸ್ಡ್ ಟು ಮೀಟ್ ಯು’, ‘ಹೌ ಡು ಯು ಡು’ ಈ ಮೂರು ಮಾತುಗಳನ್ನು ನಾನು ಮೊದಲು ನನ್ನ ಬಾಯಿಗೆ ಕೂರಿಸಿಕೊಂಡೆ, ಆಮೇಲೆ ಕಲಿಸಲು ಶುರು ಮಾಡಿದೆ. ಮೂರಕ್ಕೂ ಕನ್ನಡದಲ್ಲಿ ಅರ್ಥ ಹೇಳಿ ಮುಗಿಸಿದರೆ ಏನೂ ಪ್ರಯೋಜನ ಇಲ್ಲ. ‘ನಿಮ್ಮನ್ನ ನೋಡಿ ಸಂತೋಷ ಆಯ್ತು’ ಅಂತ ಎರಡಕ್ಕೆ ಹೇಳಬಹುದು. ಮೂರನೆಯದಕ್ಕೆ ಅರ್ಥವೇ ಇಲ್ಲ ಅಂದರೂ ತಪ್ಪಲ್ಲ.

‘ಹೌ ಡು ಯು ಡು’ ರೂಪದಲ್ಲಿ ಪ್ರಶ್ನೆ, ಕೆಲಸದಲ್ಲಿ ನಮಸ್ಕಾರ. ನಮಸ್ಕಾರ ಅಂದವರಿಗೆ ನಮಸ್ಕಾರ ಅನ್ನುತ್ತೇವಲ್ಲ, ಹಾಗೆ ಇದಕ್ಕೂ ಹಳೆಯ ಪದ್ಧತಿಯಲ್ಲಿ ಉತ್ತರ ‘ಹೌ ಡು ಯು ಡು’. ಮಾವನಿಗೆ ಇದನ್ನು ಹೇಳಿದಾಗ, ‘ಅಂದ್ರೆ ಇಬ್ರೂ ಕೇಳಿದ್ವಿ, ಯಾರೂ ಹೇಳ್ಲಿಲ್ಲ, ಅಷ್ಟೇ ಅಲ್ವೇನೆ?’ ಅಂದರು. ಅಷ್ಟೇ. ನಾವು ಹೊರಟವರನ್ನು ನೋಡಿ ‘ಹೊರಟ್ರಾ?’ ಅನ್ನುವುದಿಲ್ಲವೇ? ಅದೇ ಜಾತಿ.

ಅದು ಪ್ರಶ್ನೆ ಅಲ್ಲ ಅನ್ನುವುದನ್ನು ಕಿವಿಯೇ ಹೇಳಬೇಕು. ಭಾರ ಪೂರ್ತಿ ಕೊನೆಯ ‘ಡೂ’ ಮೇಲೆ, ಮತ್ತು ಅಲ್ಲೇ ದನಿ ಕೆಳಗೆ ಇಳಿಯುತ್ತದೆ. ನಡುವಿನ ‘ಡು ಯು’ ಸೇರಿಕೊಂಡು ‘ಡ್ಯು’ ಅಥವಾ ‘ಜು’ ಆಗುತ್ತದೆ. ನಮ್ಮ ಮಕ್ಕಳು ‘ಡೂ?’ ಅಂತ ದನಿ ಏರಿಸುತ್ತಾರೆ. ಆಗ ಅದು ನಿಜವಾದ ಪ್ರಶ್ನೆಯ ಹಾಗೆ ಕೇಳಿ ಎದುರಿನವರಿಗೆ ಗಲಿಬಿಲಿ. ‘ವಾಟ್ ಡು ಯು ಡು’ ಬೇರೆಯೇ ಮಾತು, ಅದು ಕೆಲಸ ಏನು ಅಂತ ಕೇಳುವುದು. ಅಲ್ಲಿ ಎಂ.ಎ. ಅಂದಿದ್ದರೆ ನನಗೆ ಪೂರ್ತಿ ಅಂಕ! ಮೊದಲ ಪದ ತಪ್ಪಿಸಿಕೊಂಡರೆ ಎರಡನ್ನೂ ಬೇರೆ ಮಾಡುವುದು ಕಷ್ಟ, ನನಗೆ ಆದದ್ದು ಅದೇ. ‘ಹೌ ಆರ್ ಯು’ ಜೊತೆಗೂ ಬೆರೆಸಬಾರದು. ಅದನ್ನು ನೂರು ಸಲ ಕೇಳಬಹುದು, ‘ಫೈನ್, ಥ್ಯಾಂಕ್ಸ್’ ಅನ್ನಬಹುದು. ‘ಹೌ ಡು ಯು ಡು’ ಮೊದಲ ಭೇಟಿಗೆ ಒಂದೇ ಸಲ.

ಒಂದು ತಮಾಷೆ ಇದೆ. 1954ರಲ್ಲಿ ಅಲನ್ ರಾಸ್ ಎಂಬ ಇಂಗ್ಲಿಷ್ ಭಾಷಾತಜ್ಞ ತಮ್ಮ ದೇಶದ ಮೇಲ್ವರ್ಗದವರ ಮಾತು ಉಳಿದವರ ಮಾತಿಗಿಂತ ಹೇಗೆ ಬೇರೆ ಅಂತ ಬರೆದರು. ‘ಹೌ ಡು ಯು ಡು’ ಅಂದವರಿಗೆ ಅದನ್ನೇ ತಿರುಗಿ ಹೇಳಿದರೆ ಮೇಲ್ವರ್ಗ. ‘ಪ್ಲೀಸ್ಡ್ ಟು ಮೀಟ್ ಯು’ ಅಂದರೆ ಅಲ್ಲ! ನಾವು ತುಂಬಾ ಗೌರವದ್ದು ಅಂದುಕೊಂಡ ಮಾತು ಅಲ್ಲಿ ಕೆಲವರ ಮೂಗು ಮುರಿಸುತ್ತಿತ್ತು. ಈಗ ಅದನ್ನು ಹಾಗೆ ತೂಗುವವರು ಕಡಿಮೆ. ‘ಹೌ ಡು ಯು ಡು’ ಅನ್ನುವವರೇ ಕಡಿಮೆ ಆಗಿದ್ದಾರೆ. ಅದಕ್ಕೇ ನನ್ನ ಕ್ಲಾಸಿನಲ್ಲಿ ಅದು ಕಿವಿಗೆ ಮಾತ್ರ, ಬಾಯಿಗೆ ಅಲ್ಲ. ಯಾರಾದರೂ ಹಿರಿಯರು ಅಂದರೆ ಗುರುತು ಸಿಗಬೇಕು, ಅದನ್ನೇ ತಿರುಗಿ ಹೇಳಲು ಬರಬೇಕು. ನಾವಾಗಿ ಶುರು ಮಾಡುವುದು ಬೇಡ. ಇಪ್ಪತ್ತೆರಡರ ಹುಡುಗ ಅದನ್ನು ಹೇಳಿದರೆ ಅಜ್ಜನ ಕೋಟು ಹಾಕಿಕೊಂಡು ಬಂದ ಹಾಗಿರುತ್ತದೆ.

ಬಾಯಿಗೆ ಬೇಕಾದದ್ದು ‘ನೈಸ್ ಟು ಮೀಟ್ ಯು’. ಇದನ್ನು ಒಬ್ಬ ಹುಡುಗನ ಜೊತೆ ಮಾಡಿದ್ದನ್ನೇ ಹೇಳುತ್ತೇನೆ. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಹೊರದೇಶದ ಗ್ರಾಹಕರ ಜೊತೆ ಮಾತಾಡುವ ಕೆಲಸಕ್ಕೆ ಅರ್ಜಿ ಹಾಕಿದ್ದ. ವಿಡಿಯೊ ಕಾಲ್ ಸಂದರ್ಶನಕ್ಕೆ ಹತ್ತು ದಿನ ಇತ್ತು. ಮೊದಲ ದಿನ ಅವನ ಫೋನಿನಲ್ಲೇ ರೆಕಾರ್ಡ್ ಮಾಡಿಸಿದೆ. ‘ನೈಸ್. ಟೂ. ಮೀಟ್. ಯೂ.’ ನಾಲ್ಕು ಇಟ್ಟಿಗೆ ಜೋಡಿಸಿದ ಹಾಗೆ, ನಾಲ್ಕೂ ಒಂದೇ ತೂಕ. ತಪ್ಪು ಒಂದೂ ಇಲ್ಲ, ಆದರೆ ಪಾಠ ಒಪ್ಪಿಸಿದ ಹಾಗೆ ಕೇಳುತ್ತದೆ.

ಟೇಬಲ್ ಮೇಲೆ ಬೆರಳಿನಿಂದ ಎರಡೇ ಸಲ ತಟ್ಟಲು ಹೇಳಿದೆ. ‘ನೈಸ್’ಗೆ ಒಂದು, ‘ಮೀಟ್’ಗೆ ಒಂದು. ಎರಡನೆಯದು ಜೋರು, ಯಾಕೆಂದರೆ ವಾಕ್ಯದ ಭಾರ ಅಲ್ಲಿದೆ. ನಡುವಿನ ‘ಟು’ ಕುಗ್ಗಿ ಬರೀ ‘ಟ’ ಆಗುತ್ತದೆ, ತಟ್ಟಿನ ಸಂದಿಯಲ್ಲಿ ಜಾರಿ ಹೋಗುತ್ತದೆ. ‘ಮೀಟ್’ನ ಕೊನೆಯ ‘ಟ್’ ಮುಂದಿನ ‘ಯು’ ಜೊತೆ ಸೇರಿ ‘ಚು’ ಆಗುತ್ತದೆ: ‘ನೈಸ್ ಟ ಮೀಚು’. ಹುಡುಗ ನಕ್ಕು, ‘ಮೇಡಂ, ಇದು ಮೀನು ಚೂರು ಅಂದ ಹಾಗಾಯ್ತು’ ಅಂದ. ‘ಚು’ ತುಂಬಾ ಒತ್ತಿದರೆ ಹಾಗೇ ಆಗುತ್ತದೆ. ಅದು ಹಗುರವಾಗಿ ಬರಬೇಕು. ಬಾರದಿದ್ದರೆ ‘ಮೀಟ್ ಯು’ ಅಂತಲೇ ಅನ್ನಲಿ, ತಪ್ಪಿಲ್ಲ. ‘ಟು’ ಕುಗ್ಗಿಸುವುದನ್ನು ಮಾತ್ರ ನಾನು ಬಿಡುವುದಿಲ್ಲ. ಅದೊಂದು ಸರಿಹೋದರೆ ಉಳಿದದ್ದು ತಾನಾಗಿ ಸಡಿಲ ಆಗುತ್ತದೆ.

ಉತ್ತರ ಕೊಡುವಾಗ ಇನ್ನೊಂದು ತೊಡಕು ಬಂತು. ನಾನು ‘ನೈಸ್ ಟು ಮೀಟ್ ಯು’ ಅಂದರೆ ಅವನು ‘ನೈಸ್ ಟು ಮೀಟ್ ಯು ಟೂ’ ಅನ್ನುತ್ತಿದ್ದ, ಆದರೆ ಭಾರ ಮತ್ತೆ ‘ಮೀಟ್’ ಮೇಲೇ. ಉತ್ತರದಲ್ಲಿ ‘ಮೀಟ್’ ಹಳೆಯ ಸುದ್ದಿ, ಹೊಸದು ‘ಯೂ’. ಹಾಗಾಗಿ ಭಾರ ‘ಯೂ’ಗೆ ಜಾರಬೇಕು. ಅದು ಗಟ್ಟಿಯಾಗಿ ನಿಲ್ಲುವುದರಿಂದ ಇಲ್ಲಿ ‘ಚು’ ಆಗುವುದೂ ಕಡಿಮೆ. ಇದು ನಮ್ಮವರಿಗೆ ಯಾಕೆ ಕಷ್ಟ ಅಂತ ನನಗೆ ಹೊಳೆದದ್ದು ತಡವಾಗಿ. ‘ಸಂತೋಷ ಆಯ್ತು’ ಅಂದವರಿಗೆ ನಾವು ‘ನನಗೂ’ ಅನ್ನುತ್ತೇವೆ. ಒಂದು ‘ಊ’ ಹಚ್ಚಿದರೆ ಕೆಲಸ ಮುಗಿಯಿತು, ದನಿ ಒತ್ತುವ ಅಗತ್ಯವೇ ಇಲ್ಲ. ಜೊತೆಗೆ ನಮ್ಮ ಒತ್ತು ‘ನನಗೆ’ ಅನ್ನುವುದರ ಮೇಲೆ, ಅವರದ್ದು ‘ನಿಮ್ಮನ್ನು’ ಅನ್ನುವುದರ ಮೇಲೆ. ಇಷ್ಟು ಹೇಳಿದ ಮೇಲೆ ಹುಡುಗನಿಗೆ ಎರಡೇ ದಿನದಲ್ಲಿ ಬಂತು.

ಅದೇ ‘ನನಗೆ’ ಇನ್ನೊಂದು ಕಡೆಯೂ ಕೈಕೊಡುತ್ತದೆ. ‘ಐ ಆಮ್ ನೈಸ್ ಟು ಮೀಟ್ ಯು’ ಅನ್ನುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ನನಗೆ ಸಂತೋಷ ಅಂತ ಮನಸ್ಸಿನಲ್ಲಿ ಇರುತ್ತದೆ, ಬಾಯಿಂದ ಬರುವುದು ‘ನಾನು ಒಳ್ಳೆಯವನು’. ‘ನೈಸ್’ ಅನ್ನುವುದು ಭೇಟಿಗೆ ಹೇಳುವ ಮಾತು, ಹಾಗಾಗಿ ಮುಂದೆ ಸೇರಿಸುವುದಾದರೆ ‘ಇಟ್ಸ್’. ‘ಪ್ಲೀಸ್ಡ್’ ಮನುಷ್ಯನಿಗೆ ಹೇಳುವುದು, ಅದಕ್ಕೆ ‘ಐ ಆಮ್’. ಎರಡನ್ನೂ ಬಿಟ್ಟು ಹೇಳಿದರೆ ಇನ್ನೂ ಸಲೀಸು.

‘ಪ್ಲೀಸ್ಡ್ ಟು ಮೀಟ್ ಯು’ ಒಂದು ಮೆಟ್ಟಿಲು ಗಂಭೀರ. ದೊಡ್ಡ ಅಧಿಕಾರಿಗೆ ಯಾರಾದರೂ ಪರಿಚಯ ಮಾಡಿಸಿದಾಗ ಚೆನ್ನಾಗಿರುತ್ತದೆ, ಗೆಳೆಯನ ಗೆಳೆಯನಿಗೆ ಸ್ವಲ್ಪ ಬಿಗಿ. ಕಷ್ಟ ಇರುವುದು ಆ ಮೊದಲ ಪದದ ಕೊನೆಯಲ್ಲಿ. ಅಲ್ಲಿರುವುದು ‘ಸ್’ ಅಲ್ಲ, ದುಂಬಿ ಗುಂಯ್‌ಗುಡುವ ದನಿ, ಗಂಟಲ ಮೇಲೆ ಕೈ ಇಟ್ಟರೆ ನಡುಕ ಸಿಗಬೇಕು. ಕನ್ನಡದ ‘ಜ್’ ಅದಕ್ಕೆ ಹತ್ತಿರ, ಆದರೆ ಅದೇ ಅಲ್ಲ. ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳಿಗೆ ಇದು ಸಲೀಸು, ಬಜಾರ್ ಅನ್ನುವಾಗ ಆ ದನಿ ಅವರ ಬಾಯಲ್ಲಿ ದಿನವೂ ಬರುತ್ತದೆ. ಉಳಿದವರನ್ನು ಅವರ ಪಕ್ಕ ಕೂರಿಸುತ್ತೇನೆ. ಆಮೇಲಿನ ‘ಡ್’ಗೆ ಒದ್ದಾಡಬೇಕಾಗಿಲ್ಲ. ಅದು ಮುಂದಿನ ‘ಟು’ವಿನಲ್ಲಿ ಮುಳುಗಿ ಹೋಗುತ್ತದೆ, ಇಂಗ್ಲಿಷ್ ಮನೆಮಾತಿನವರು ಹೇಳಿದಾಗಲೂ ಅಷ್ಟಾಗಿ ಕೇಳುವುದಿಲ್ಲ. ಆದರೆ ನಮ್ಮವರು ಅದನ್ನು ಬಿಡದೆ ‘ಪ್ಲೀಸೆಡ್’ ಅಂತ ಎರಡು ತುಂಡು ಮಾಡುತ್ತಾರೆ, ಅದು ಜಾಸ್ತಿ ಕೆಟ್ಟದಾಗಿ ಕೇಳುತ್ತದೆ.

ಈ ಹುಡುಗನಿಗೆ ಆ ದನಿ ಕೊನೆಗೂ ಹಿಡಿಯಲಿಲ್ಲ. ಒಂಬತ್ತನೇ ದಿನ ರೆಕಾರ್ಡಿಂಗ್ ಕೇಳಿ, ‘ಅದನ್ನ ಬಿಟ್ಟುಬಿಡು, ನೈಸ್ ಸಾಕು’ ಅಂದೆ. ‘ಮರ್ಯಾದೆ ಕಡಿಮೆ ಆಗಲ್ವಾ ಮೇಡಂ?’ ಅಂತ ಕೇಳಿದ. ಆಗಲ್ಲ. ಈಗ ಸಂದರ್ಶನದಲ್ಲೂ ಅದೇ ನಡೆಯುತ್ತದೆ. ಕಾಲ್ ಮುಗಿಸುವಾಗ ‘ನೈಸ್ ಮೀಟಿಂಗ್ ಯು’ ಅನ್ನು, ಮುಂದಿನ ಸಲ ಸಿಕ್ಕರೆ ‘ಮೀಟ್’ ಬೇಡ, ‘ನೈಸ್ ಟು ಸೀ ಯು ಅಗೇನ್’ ಅನ್ನು ಅಂತ ಹೇಳಿ ಕಳಿಸಿದೆ.

ಕಾಲ್ ಆದ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದ. ಆ ಕಡೆಯವರು ಮೊದಲು ‘ನೈಸ್ ಟು ಮೀಟ್ ಯು’ ಅಂದರಂತೆ. ಇವನು ‘ಯೂ’ಗೆ ಭಾರ ಹಾಕಿ ಉತ್ತರ ಕೊಟ್ಟನಂತೆ. ಬೆರಳು ಮಾತ್ರ ಟೇಬಲ್ ತಟ್ಟುವುದನ್ನು ಬಿಡಲಿಲ್ಲವಂತೆ, ಮೈಕಿನಲ್ಲಿ ಟಕ್ ಟಕ್ ಅಂತ ಕೇಳಿ ಅವರು ‘ಯಾರೋ ಬಾಗಿಲು ಬಡೀತಿದ್ದಾರೆ, ಹೋಗಿ ನೋಡಿ’ ಅಂದರಂತೆ.