ನಾಯಿಯ ಎರಡು ಪಾಪೆ ಬೇರೆ ಬೇರೆ ಕಂಡಾಗ: ಫೋಟೋ ನೋಡಿ ನಾನು ನಿರ್ಧರಿಸುವ ಬಗೆ

"ಸಾಹೇಬ್ರ, ಒಂದು ಕಣ್ಣು ಹಸಿರು, ಒಂದು ಕೆಂಪು ಕಾಣ್ಲಿಕ್ಕತ್ತೇತ್ರಿ. ಕಣ್ಣು ಹೋಯ್ತೇನ್ರಿ?" ಕಲಬುರಗಿಯಲ್ಲಿ ರಾತ್ರಿ ಹೊತ್ತು ವಾಟ್ಸಾಪಿಗೆ ಬರುವ ಇಂಥ ಫೋಟೋಗಳಲ್ಲಿ ಬಹಳಷ್ಟು ಫ್ಲ್ಯಾಶ್ ಹಾಕಿ ತೆಗೆದವು. ನಾಯಿ, ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ತಿರುಗಿಸಿ ಕಳಿಸುವ ಹೊಳಪಿನ ಪದರ ಇರುತ್ತದೆ. ತಲೆ ಸ್ವಲ್ಪ ಓರೆಯಾದರೂ ಸಾಕು, ಒಂದು ಕಣ್ಣಲ್ಲಿ ಬೆಳಕು ಆ ಪದರಕ್ಕೆ ಬೀಳುತ್ತದೆ, ಇನ್ನೊಂದರಲ್ಲಿ ಅದರ ಪಕ್ಕಕ್ಕೆ ಬೀಳುತ್ತದೆ. ಬಣ್ಣ ಬೇರೆಯಾದ ಮಾತ್ರಕ್ಕೆ ರೋಗ ಅಲ್ಲ. ಹಾಗಾಗಿ ಆ ಒಂದೇ ಫೋಟೋ ನೋಡಿ ನಾನು ಏನೂ ಹೇಳುವುದಿಲ್ಲ, ಇನ್ನೂ ಮೂರು ತರಿಸಿಕೊಳ್ಳುತ್ತೇನೆ.

ಮೊದಲನೆಯದು ಬೆಳಕಿನಲ್ಲಿ. ಹಗಲು ಬಾಗಿಲ ಹತ್ತಿರ ನೆರಳಲ್ಲಿ ನಾಯಿಯನ್ನು ಬೆಳಕಿಗೆ ಮುಖ ಮಾಡಿ ಕೂರಿಸಬೇಕು. ರಾತ್ರಿಯಾದರೆ ಮನೆಯ ಟ್ಯೂಬ್‌ಲೈಟೆಲ್ಲ ಹಾಕಬೇಕು. ಶಹಾಬಾದಿ ಕಲ್ಲಿನ ಅಂಗಳದ ನಡು ಮಧ್ಯಾಹ್ನದ ಬಿಸಿಲು ಬೇಡ, ಕಲ್ಲಿನ ಪ್ರತಿಫಲನಕ್ಕೆ ನಾಯಿ ಕಣ್ಣು ಮುಚ್ಚಿಕೊಂಡುಬಿಡುತ್ತದೆ. ಫೋನು ನಾಯಿಯ ಕಣ್ಣಿನ ಎತ್ತರಕ್ಕೇ ಇರಲಿ, ಎರಡು ಅಡಿ ದೂರ, ಫ್ಲ್ಯಾಶ್ ಮತ್ತು ಬ್ಯೂಟಿ ಮೋಡ್ ಎರಡೂ ಬಂದ್. ಬ್ಯೂಟಿ ಮೋಡ್ ಕಣ್ಣಿನ ಮಂಜನ್ನೇ ಒರೆಸಿಹಾಕುತ್ತದೆ. ಎರಡನೆಯದು ಮಬ್ಬು ಕೋಣೆಯಲ್ಲಿ, ಐದು ನಿಮಿಷ ಬಿಟ್ಟು, ಇಲ್ಲಿಯೂ ಫ್ಲ್ಯಾಶ್ ಇಲ್ಲದೆ. ಮೂರನೆಯದು ಪ್ರತಿ ಕಣ್ಣಿನ ಪಕ್ಕನೋಟ. ಎಲ್ಲವನ್ನೂ ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನುತ್ತೇನೆ, ಇಲ್ಲವಾದರೆ ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ವಿವರ ಅಳಿಸುತ್ತದೆ.

ಓದುವ ಲೆಕ್ಕ ಇಷ್ಟೇ: ಪಾಪೆಗಳ ವ್ಯತ್ಯಾಸ ಬೆಳಕಿನಲ್ಲಿ ಹೆಚ್ಚಾದರೆ ದೊಡ್ಡ ಪಾಪೆಯ ಕಣ್ಣು ಕೆಟ್ಟಿದೆ, ಅದು ಕುಗ್ಗುತ್ತಿಲ್ಲ. ಮಬ್ಬಿನಲ್ಲಿ ಹೆಚ್ಚಾದರೆ ಸಣ್ಣ ಪಾಪೆಯ ಕಣ್ಣು ಕೆಟ್ಟಿದೆ, ಅದು ಅರಳುತ್ತಿಲ್ಲ.

ಒಂಬತ್ತು ವರ್ಷದ ಒಂದು ಬಿಳಿ ಸ್ಪಿಟ್ಜ್ ವಿಷಯದಲ್ಲಿ ಇದು ಹೀಗೆ ಬಿಚ್ಚಿಕೊಂಡಿತು. ಫ್ಲ್ಯಾಶ್ ಫೋಟೋದಲ್ಲಿ ಬಣ್ಣ ಬೇರೆ ಅನ್ನುವುದಷ್ಟೇ ಕಾಣುತ್ತಿತ್ತು. ಮಬ್ಬಿನಲ್ಲಿ ಎರಡೂ ಪಾಪೆ ಹೆಚ್ಚುಕಡಿಮೆ ಸಮ. ಬೆಳಕಿನಲ್ಲಿ ಬಲದ್ದು ಕುಗ್ಗಿತ್ತು, ಎಡದ್ದು ಅಗಲವಾಗಿಯೇ ಉಳಿದಿತ್ತು. ಅಂದರೆ ತೊಂದರೆ ಎಡಗಣ್ಣಿನದು. ಪಕ್ಕನೋಟದಲ್ಲಿ ಅದರ ಮುಂದಿನ ಗಾಜಿನಂಥ ಪದರವೇ ನೀಲಿಮಬ್ಬಾಗಿತ್ತು, ಬಿಳಿಭಾಗದಲ್ಲಿ ದಪ್ಪ ಕೆಂಪು ನರಗಳು ಎದ್ದಿದ್ದವು. ಅಗಲ ಪಾಪೆ, ನೀಲಿ ಮಂಜು, ಕೆಂಪು ನರ, ಈ ಮೂರೂ ಕೂಡಿದರೆ ಮೊದಲ ಅನುಮಾನ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರಿದ್ದು. ಆ ಒತ್ತಡ ಅಳೆಯುವ ಟೋನೋಮೀಟರಿನಲ್ಲಿ ಬಲಗಣ್ಣು 17, ಎಡಗಣ್ಣು 46 ತೋರಿಸಿತು. ನಾಯಿಗೆ ಸಾಮಾನ್ಯವಾಗಿ 25ರೊಳಗೆ ಇರಬೇಕು. ಈ ಒತ್ತಡ ಒಂದೆರಡು ದಿನ ಹಾಗೇ ಉಳಿದರೆ ದೃಷ್ಟಿ ಮರಳಿ ಬಾರದಂತೆ ಹೋಗಬಹುದು. ಅದಕ್ಕೇ ಇಂಥ ಫೋಟೋ ಬಂದರೆ "ನಾಳೆ ನೋಡೋಣ" ಅನ್ನುವ ಮಾತಿಲ್ಲ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಟೋನೋಮೀಟರ್ ಇದೆಯಾ ಅಂತ ಕೇಳಿಕೊಳ್ಳಿ.

ಪಾಪೆ ಸಣ್ಣದಾಗಿ, ಕಣ್ಣು ಕೆಂಪಾಗಿ, ನೀರು ಸುರಿಸುತ್ತ, ನಾಯಿ ರೆಪ್ಪೆ ಬಿಗಿದುಕೊಂಡಿದ್ದರೆ ಅದು ನೋವು. ಒಳಗಿನ ಉರಿಯೂತವೋ ಮುಂದಿನ ಪದರದ ಗಾಯವೋ ಆಗಿರುತ್ತದೆ, ಅದೇ ದಿನ ತೋರಿಸಬೇಕು. ನಮ್ಮ ಕಡೆ ರಕ್ತ ಹೀರುವ ಉಣ್ಣಿ ಬಹಳ; ಉಣ್ಣಿಯಿಂದ ಬರುವ ಎರ್ಲಿಕಿಯಾ ಸೋಂಕು ಕಣ್ಣೊಳಗೂ ಉರಿಯೂತ ತರುತ್ತದೆ. ಅದಕ್ಕೇ ಜ್ವರ, ಊಟ ಬಿಟ್ಟದ್ದು, ಮೂಗಿನಿಂದ ರಕ್ತ, ಇವನ್ನೂ ಕೇಳುತ್ತೇನೆ. ತಲೆಗೆ ಪೆಟ್ಟು ಬಿದ್ದ ಮೇಲೆ ಪಾಪೆ ಬೇರೆಯಾಗಿದ್ದರೆ, ಅಥವಾ ಜೊತೆಗೆ ವಾಂತಿ, ತೂರಾಟ ಇದ್ದರೆ ಫೋಟೋಕ್ಕೆ ಹೊತ್ತು ಕಳೆಯದೆ ಹೊರಡಬೇಕು.

ವಯಸ್ಸಾದ ನಾಯಿಯ ಎರಡೂ ಕಣ್ಣಲ್ಲಿ ಸಮನಾಗಿ, ಪಾಪೆಯ ಹಿಂದೆ, ಹೊಗೆಯಂಥ ನೀಲಿ ಕಂಡರೆ ಅದು ಹೆಚ್ಚಾಗಿ ಮಸೂರ ಗಟ್ಟಿಯಾಗುವ ವಯಸ್ಸಿನ ಬದಲಾವಣೆ. ನಾಯಿ ಎಲ್ಲಿಗೂ ಡಿಕ್ಕಿ ಹೊಡೆಯದೆ ಓಡಾಡುತ್ತಿದ್ದರೆ ಮುಂದಿನ ಲಸಿಕೆಗೆ ಬಂದಾಗ ನೋಡಿದರೆ ಸಾಕು. ಇಲ್ಲಿ ಫ್ಲ್ಯಾಶ್ ಫೋಟೋ ಉಪಯೋಗಕ್ಕೆ ಬರುತ್ತದೆ: ಈ ಮಬ್ಬಿನೊಳಗಿಂದ ಹೊಳಪು ದಾಟಿ ಬರುತ್ತದೆ, ಬಲಿತ ಪೊರೆಯಾದರೆ ತಡೆದುಬಿಡುತ್ತದೆ.

ಬಿಳಿ ಕೂದಲಿನ ಮೇಲೆ ಕಣ್ಣೀರಿನ ಕಂದು ಗೆರೆ ಕಣ್ಣೀರಿನೊಳಗಿನ ಪೋರ್ಫಿರಿನ್ ಎಂಬ ವರ್ಣದ್ರವ್ಯದ್ದು. ಎರಡೂ ಬದಿ ಸಮನಾಗಿ ಹಳೆಯದಿದ್ದರೆ ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ದಿನಾ ಒರೆಸಿ, ಪೂರ್ತಿ ಒಣಗಿಸಿ. ಹೈಡ್ರೋಜನ್ ಪೆರಾಕ್ಸೈಡ್ ಕಣ್ಣ ಹತ್ತಿರ ತರಬೇಡಿ. ಒಂದೇ ಕಣ್ಣಲ್ಲಿ ಹೊಸದಾಗಿ ಶುರುವಾದ ನೀರು, ಹಳದಿ ಪಿಸಿರು ಬೇರೆ ವಿಷಯ. ರೆಪ್ಪೆಯೊಳಗೆ ಹುಲ್ಲಿನ ಮುಳ್ಳು ಸಿಕ್ಕಿರಬಹುದು, ತೋರಿಸಿ.

ಡಾಕ್ಟರ್ ನೋಡುವ ಮೊದಲು ಮನೆಯಲ್ಲಿ ಉಳಿದ ಮನುಷ್ಯರ ಕಣ್ಣಿನ ಹನಿ ಹಾಕಬೇಡಿ. ಅವುಗಳಲ್ಲಿ ಹಲವು ಸ್ಟೀರಾಯ್ಡ್ ಇರುವಂಥವು, ಮುಂದಿನ ಪದರದಲ್ಲಿ ಗಾಯವಿದ್ದರೆ ಅದು ಕರಗಿ ತೂತಾಗುವವರೆಗೂ ಹೋಗಬಹುದು. ಗಾಯಕ್ಕೆ ಹಸಿರು ಬಣ್ಣ ಹಿಡಿಸುವ ಫ್ಲೋರೆಸಿನ್ ಪಟ್ಟಿಯಿಂದ ಗಾಯ ಇಲ್ಲ ಅಂತ ಖಾತ್ರಿಯಾದ ಮೇಲಷ್ಟೇ ಸ್ಟೀರಾಯ್ಡ್ ಹನಿಯ ಮಾತು. ಅಲ್ಲಿಯವರೆಗೆ ನಾಯಿ ಕಣ್ಣು ಉಜ್ಜಿಕೊಳ್ಳದಂತೆ ಕೊರಳಿಗೆ ಕೋನ್ ಹಾಕಿ, ಮೊದಲ ಸಲ ಬದಲಾವಣೆ ಕಂಡ ಹೊತ್ತನ್ನು ಬರೆದಿಟ್ಟು ಡಾಕ್ಟರಿಗೆ ಹೇಳಿ.