ಮೊದಲು ನೀರು, ಆಮೇಲೆ ಪಲ್ಸ್, ಕೊನೆಗೆ ಮಿನಾಕ್ಸಿಡಿಲ್

"ಅದು ಕೂದಲು ಬೆಳೆಸೋ ಔಷಧಿ ಅಲ್ವಾ? ಬಿಪಿಗೆ ಯಾಕೆ ಕೊಡ್ತೀರಿ?" ಅಂತ ನನ್ನ ಜೊತೆ ಕೆಲಸ ಮಾಡುವ ಹಿರಿಯ ಡಾಕ್ಟರು ಕೇಳಿದ್ದರು. ಮೆಡಿಕಲ್ ಶಾಪ್‌ನವರಿಗೂ ಅದೇ ಗೊಂದಲ. ಮಾತ್ರೆಯ ಚೀಟಿ ಕಳಿಸಿದರೆ ತಲೆಗೆ ಹಚ್ಚುವ ಲೋಷನ್ ಕೊಟ್ಟು ಕಳಿಸಿದ್ದರು. ಮಿನಾಕ್ಸಿಡಿಲ್ ಮೊದಲು ಬಂದದ್ದೇ ಬಿಪಿ ಮಾತ್ರೆಯಾಗಿ, 1979ರಲ್ಲಿ. ಕೂದಲಿನ ಲೋಷನ್ ಬಂದದ್ದು ಅದಾಗಿ ಒಂಬತ್ತು ವರ್ಷದ ಮೇಲೆ. ಈಗ ನನ್ನ ಕೈಯಲ್ಲಿ ಹನ್ನೊಂದು ಜನ ಈ ಮಾತ್ರೆ ಮೇಲೆ ಚೆನ್ನಾಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೇ ಸಲ ನಾನು ಕೊಟ್ಟಾಗ ಕೆಟ್ಟದಾಗಿ ಸೋತೆ. ಅರವತ್ತು ದಾಟಿದ ಒಬ್ಬರಿಗೆ ಮೊದಲಿದ್ದ ಮಾತ್ರೆಗಳ ಮೇಲೆ ಸುಮ್ನೆ 5 ಮಿಲಿಗ್ರಾಂ ಸೇರಿಸಿ, ಎರಡು ವಾರ ಬಿಟ್ಟು ಬನ್ನಿ ಅಂತ ಕಳಿಸಿದೆ. ಹತ್ತನೇ ದಿನಕ್ಕೇ ಬಂದರು. ಬಿಪಿ ಇಳಿದಿತ್ತು, ಆದರೆ ತೂಕ ನಾಲ್ಕು ಕೆಜಿ ಜಾಸ್ತಿ, ಪಲ್ಸ್ 116, ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೂರು ದಿನ ಅಡ್ಮಿಟ್ ಮಾಡಿ ನೀರು ಇಳಿಸಬೇಕಾಯಿತು. ಅವರ ಮನೆಯವರಿಗೆ ಹದಿನೆಂಟು ಸಾವಿರದ ಹತ್ತಿರ ಖರ್ಚು. ಆ ದುಡ್ಡಿನ ಲೆಕ್ಕ ನನಗೆ ಇವತ್ತಿಗೂ ಮರೆತಿಲ್ಲ. ತಪ್ಪು ಔಷಧಿಯದ್ದಲ್ಲ, ನಾನು ಕೊಟ್ಟ ಕ್ರಮದ್ದು. ಮಿನಾಕ್ಸಿಡಿಲ್‌ನಿಂದ ರಕ್ತನಾಳ ಹಿಗ್ಗಿದ ಕೂಡಲೇ ದೇಹ ಬಿಪಿ ಬಿತ್ತು ಅಂತ ತಿಳಿದುಕೊಳ್ಳುತ್ತದೆ. ಹೃದಯ ಓಡತೊಡಗುತ್ತದೆ, ಕಿಡ್ನಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಈ ಎರಡಕ್ಕೂ ಮುಂಚೆಯೇ ಬೇಲಿ ಹಾಕದೆ ಮಾತ್ರೆ ಕೊಡಬಾರದು.

ಅದಾದ ಮೇಲೆ ಸುಮಾರು ಒಂದು ವರ್ಷ, ರಕ್ತನಾಳ ಹಿಗ್ಗಿಸುವ ಇನ್ನೊಂದು ಮಾತ್ರೆ ಹೈಡ್ರಲಜೀನ್ ಕಡೆ ಹೋದೆ. ಒಳ್ಳೆಯ ಔಷಧಿಯೇ. ಗರ್ಭಿಣಿಯರಿಗೆ ಅದನ್ನು ನಾವೆಲ್ಲ ಧೈರ್ಯವಾಗಿ ಕೊಡುತ್ತೇವೆ. ಆದರೆ ದಿನಕ್ಕೆ ಮೂರು ಸಲ ನುಂಗಬೇಕು. ತೋಟಕ್ಕೆ ಹೋಗುವವರು ಮಧ್ಯಾಹ್ನದ ಮಾತ್ರೆ ನುಂಗುವುದೇ ಇಲ್ಲ. ಮಾತ್ರೆ ಡಬ್ಬಿ ತರಿಸಿ ಎಣಿಸಿ ನೋಡಿದೆ. ತಿಂಗಳ ಕೊನೆಗೆ ಇಪ್ಪತ್ತಕ್ಕಿಂತ ಜಾಸ್ತಿ ಉಳಿದಿದ್ದವು, ಹೆಚ್ಚುಕಮ್ಮಿ ಎಲ್ಲವೂ ಮಧ್ಯಾಹ್ನದವೇ. ಇನ್ನೊಬ್ಬ ಅಮ್ಮನಿಗೆ ದಿನಕ್ಕೆ 200 ಮಿಲಿಗ್ರಾಂವರೆಗೂ ಏರಿಸಿದ್ದೆ. ಏಳೆಂಟು ತಿಂಗಳಿಗೆ ಬೆರಳಿನ ಗಂಟುಗಳಲ್ಲಿ ನೋವು, ಸಣ್ಣ ಜ್ವರ. ಚಿಕೂನ್‌ಗುನ್ಯಾ ಇರಬಹುದು ಅಂತ ಎರಡು ವಾರ ಕಳೆದೆ. ಕೊನೆಗೆ ಎಎನ್‌ಎ ರಕ್ತಪರೀಕ್ಷೆ ಪಾಸಿಟಿವ್ ಬಂತು, ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಲೂಪಸ್ ಥರದ್ದು, ಈ ಮಾತ್ರೆಯಿಂದಲೇ. ಮಾತ್ರೆ ನಿಲ್ಲಿಸಿದ ಮೇಲೆ ಒಂದೂವರೆ ತಿಂಗಳಲ್ಲಿ ಕೈ ಸರಿಯಾಯಿತು. ಈಗ ನಾನು ಹೈಡ್ರಲಜೀನನ್ನು ದಿನಕ್ಕೆ 150ರ ಮೇಲೆ ಏರಿಸುವುದಿಲ್ಲ, ಹೆಂಗಸರಲ್ಲಿ ಇನ್ನೂ ಹುಷಾರು.

ಮಿನಾಕ್ಸಿಡಿಲ್‌ಗೆ ನನ್ನನ್ನು ವಾಪಸ್ ತಂದವರು ಐವತ್ತೆರಡು ವರ್ಷದ ಒಬ್ಬ ಅಡಿಕೆ ತೋಟದವರು. ಬಿಪಿ 196/112, ಕಿಡ್ನಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ಕ್ರಿಯಾಟಿನಿನ್ 2.4. ಟೆಲ್ಮಿಸಾರ್ಟನ್ 80, ಆಮ್ಲೋಡಿಪಿನ್ 10, ಪಲ್ಸ್ ಇಳಿಸುವ ಮೆಟೊಪ್ರೊಲಾಲ್ 50, ನೀರು ಇಳಿಸುವ ಒಂದು ಥಯಜೈಡ್, ಎಲ್ಲವೂ ನಡೆಯುತ್ತಿದ್ದವು. ಕಫ್ ಸೈಜು ನೋಡಿದೆ, ಮನೆಯ ರೀಡಿಂಗ್ ಬರೆಸಿದೆ, ಕಿಡ್ನಿಯ ರಕ್ತನಾಳ ಸ್ಕ್ಯಾನ್ ಮಾಡಿಸಿದೆ, ಅಡ್ರಿನಲ್ ಪರೀಕ್ಷೆಗಳೂ ಮುಗಿದವು. ಬಿಪಿ ಏರಿಸುವ ಅಡ್ರಿನಲ್ ಗಡ್ಡೆ ಫಿಯೋಕ್ರೊಮೊಸೈಟೋಮಾ ಇಲ್ಲ ಅಂತ ಖಾತ್ರಿಯಾಗದೆ ಈ ಮಾತ್ರೆ ಮುಟ್ಟಬಾರದು. ಮಾಮೂಲಾಗಿ ಆದರೆ ಸ್ಪೈರೊನೊಲ್ಯಾಕ್ಟೋನ್ ಸೇರಿಸುತ್ತಿದ್ದೆ. ಆದರೆ ಅದು ಪೊಟ್ಯಾಸಿಯಂ ಏರಿಸುತ್ತದೆ, ಇವರದ್ದು ಆಗಲೇ 5.4. ಹೈಡ್ರಲಜೀನ್ 50 ಮೂರು ಸಲ ಕೊಟ್ಟು ನೋಡಿದ್ದೆ. ಪಲ್ಸ್ ನೂರರ ಮೇಲೆ, ತಲೆನೋವು, ಮಧ್ಯಾಹ್ನದ ಮಾತ್ರೆಯದ್ದು ಅದೇ ಕಥೆ.

ಈ ಸಲ ಆತುರ ಮಾಡಲಿಲ್ಲ. ಮೊದಲು ನೀರು. ಆ ಕ್ರಿಯಾಟಿನಿನ್‌ಗೆ ಅವರ ಥಯಜೈಡ್ ಕೆಲಸ ಮಾಡುತ್ತಿರಲಿಲ್ಲ. ಅದನ್ನು ತೆಗೆದು, ನೀರು ಇಳಿಸುವ ಇನ್ನೊಂದು ಮಾತ್ರೆ ಟಾರ್ಸೆಮೈಡ್ 20 ಎರಡು ಸಲ ಕೊಟ್ಟೆ. ಹತ್ತು ದಿನಕ್ಕೆ ತೂಕ 68ರಿಂದ 66 ಆಯಿತು. ಆಮೇಲೆ ಪಲ್ಸ್. ಮೆಟೊಪ್ರೊಲಾಲ್ 100ಕ್ಕೆ ಏರಿಸಿದೆ, ಪಲ್ಸ್ 88ರಿಂದ 62ಕ್ಕೆ ಬಂತು. ಬಿಪಿ ಇನ್ನೂ 178/102. ಎಕೋ ಮಾಡಿಸಿದೆ, ಹೃದಯದ ಸುತ್ತ ನೀರಿಲ್ಲ. ಅಲ್ಲಿಗೆ ಮೂರು ವಾರ ಕಳೆದಿತ್ತು. ಆವಾಗ ಮಿನಾಕ್ಸಿಡಿಲ್ 2.5 ಶುರು ಮಾಡಿದೆ.

ಒಂದು ವಾರಕ್ಕೆ 164/96. 5 ಮಾಡಿದೆ. ಐದನೇ ದಿನ ಫೋನ್ ಬಂತು: "ಡಾಕ್ಟ್ರೇ, ತೂಕ ಒಂದೂವರೆ ಕೆಜಿ ಜಾಸ್ತಿ ತೋರಿಸ್ತಿದೆ. ಉಂಗುರ ತೆಗೆಯೋಕೆ ಬರ್ತಿಲ್ಲ." ಕಾಲಿನ ಮೂಳೆ ಮೇಲೆ ಹೆಬ್ಬೆರಳು ಒತ್ತಿದರೆ ಗುಂಡಿ ಉಳಿಯುತ್ತಿತ್ತು. ಮಿನಾಕ್ಸಿಡಿಲ್ ಕಡಿಮೆ ಮಾಡಲಿಲ್ಲ. ಟಾರ್ಸೆಮೈಡನ್ನು 40 ಎರಡು ಸಲ ಮಾಡಿದೆ, ಉಪ್ಪಿನಕಾಯಿ ಮತ್ತು ಹಪ್ಪಳ ನಿಲ್ಲಿಸಿದೆ. ನಾಲ್ಕು ದಿನಕ್ಕೆ ಉಂಗುರ ಸಡಿಲವಾಯಿತು. ಆರನೇ ವಾರಕ್ಕೆ 5 ಎರಡು ಸಲದಲ್ಲಿ 134/82. ಕ್ರಿಯಾಟಿನಿನ್ 2.7ರವರೆಗೆ ಹೋಗಿ ಅಲ್ಲೇ ನಿಂತಿತು. ಹತ್ತು ವರ್ಷದಿಂದ ಯಾರೂ ಇವರ ಬಿಪಿಯನ್ನು 150ರ ಕೆಳಗೆ ತಂದಿರಲಿಲ್ಲ. ಆ ದಿನ ಹಿರಿಯ ಡಾಕ್ಟರನ್ನು ಕರೆದು ಅವರ ಕೈಯಿಂದಲೇ ಬಿಪಿ ನೋಡಿಸಿದೆ.

ಇಡೀ ಚಿಕಿತ್ಸೆಯಲ್ಲಿ ದುಡ್ಡಿಗೆ ತಕ್ಕ ವಸ್ತು ಅಂದರೆ ತೂಕದ ಯಂತ್ರ. ಸುಮಾರು ಒಂಬೈನೂರು ರೂಪಾಯಿ. ಬೆಳಿಗ್ಗೆ ಮೂತ್ರ ಮಾಡಿ ಬಂದು, ತಿಂಡಿಗೆ ಮುಂಚೆ, ಒಂದೇ ಥರದ ಬಟ್ಟೆಯಲ್ಲಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಎರಡು ಕೆಜಿ ಏರಿದರೆ ಅದೇ ದಿನ ಫೋನ್. ಪಲ್ಸ್ ಮೊದಲಿದ್ದಕ್ಕಿಂತ ಇಪ್ಪತ್ತು ಜಾಸ್ತಿಯಾದರೂ ಫೋನ್. ಮಾತ್ರೆಗೆ ದಿನಕ್ಕೆ ಹದಿನೈದು ಇಪ್ಪತ್ತು ರೂಪಾಯಿ ಆಗುತ್ತಿತ್ತು ಅಂತ ನೆನಪು. ನಾನು ಕೊಡುವ ಪುಸ್ತಕದಲ್ಲಿ ಇನ್ನೂ ಒಂದು ಕಾಲಂ ಇದೆ. ನೀರು ತುಂಬುವುದು ತೂಕಕ್ಕಿಂತ ಒಂದು ದಿನ ಮುಂಚೆಯೇ ಅದರಲ್ಲಿ ಗೊತ್ತಾಗುತ್ತದೆ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ. ಇನ್ನಷ್ಟು ಜನರಲ್ಲಿ ನೋಡಿ ನನಗೇ ಪೂರ್ತಿ ಗಟ್ಟಿಯಾಗಬೇಕು.

ನಡುವೆ ನಾಲ್ಕು ಜನರಲ್ಲಿ ಇಡೀ ಡೋಸನ್ನು ರಾತ್ರಿಗೆ ಹಾಕಿ ನೋಡಿದೆ. ಬಿಪಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎದ್ದಾಗ ಇಬ್ಬರಿಗೆ ತಲೆ ತಿರುಗಿತು, ಬಿಟ್ಟುಬಿಟ್ಟೆ. ಶುರುವಿನ ವಾರಗಳಲ್ಲಿ ಇಸಿಜಿಯಲ್ಲಿ ಟಿ ಅಲೆ ತಲೆಕೆಳಗಾಗುವುದು ಇದೆ. ಎದೆನೋವು ಇಲ್ಲದೆ, ಹೃದಯಕ್ಕೆ ಪೆಟ್ಟಾಗಿದೆಯೇ ಅಂತ ತೋರಿಸುವ ಟ್ರೋಪೋನಿನ್ ನಾರ್ಮಲ್ ಇದ್ದರೆ ಗಾಬರಿ ಬೇಡ, ಹೆಚ್ಚಿನವರಲ್ಲಿ ತಾನೇ ಸರಿಹೋಗುತ್ತದೆ. ಆದರೆ ಹೃದಯದ ಸುತ್ತ ನೀರು ಸೇರುವುದು ನಿಜವಾದ ಅಪಾಯ. ಕಿಡ್ನಿ ಕೆಟ್ಟವರಲ್ಲಿ ಮೂರು ತಿಂಗಳಿಗೆ ಎಕೋ ಮತ್ತೆ ಮಾಡಿಸುತ್ತೇನೆ.

ಇನ್ನು ಕೂದಲು. ಐದನೇ ವಾರಕ್ಕೆ ಶುರು. ಮೊದಲು ಹಣೆಯ ಪಕ್ಕ, ಹುಬ್ಬುಗಳ ನಡುವೆ, ಆಮೇಲೆ ಕೆನ್ನೆಯ ಮೇಲೆ ತೆಳ್ಳಗೆ ಕಪ್ಪು ರೋಮ, ಕೊನೆಗೆ ಕೈ ಬೆನ್ನು. ಹತ್ತರಲ್ಲಿ ಎಂಟು ಜನರಿಗೆ ಬರುತ್ತದೆ. ಹಾರ್ಮೋನ್ ತೊಂದರೆ ಏನೂ ಇಲ್ಲ, ಪರೀಕ್ಷೆಗೆ ದುಡ್ಡು ಹಾಕಬೇಡಿ. ತೋಟದವರಿಗೆ ಅದರ ಚಿಂತೆಯೇ ಇರಲಿಲ್ಲ, ವಾರಕ್ಕೊಮ್ಮೆ ಶೇವ್ ಮಾಡಿಸುತ್ತಾರೆ. ಆದರೆ ಮೂವತ್ತೆಂಟರ ಒಬ್ಬ ಟೀಚರಮ್ಮ ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ಕ್ಲಾಸಲ್ಲಿ ಮಕ್ಕಳು ನಕ್ಕರಂತೆ. ಬಿಪಿ 220 ಇಟ್ಟುಕೊಂಡು ಬಂದರು. ಮೊದಲೇ ನಾನು ಹೇಳಿರಲಿಲ್ಲ, ಅದು ನನ್ನ ತಪ್ಪು. ಅವರನ್ನು ಹೈಡ್ರಲಜೀನ್‌ಗೆ ಬದಲಿಸಿದೆ. ಊಟದ ಜೊತೆ ತಪ್ಪದೆ ನುಂಗುತ್ತಾರೆ, ಶಾಲೆಯಲ್ಲಿ ಮಧ್ಯಾಹ್ನದ ಬೆಲ್ ಇರುವುದರಿಂದ ಮರೆಯುವುದೂ ಇಲ್ಲ. ನಾಲ್ಕು ತಿಂಗಳಲ್ಲಿ ಮುಖದ ರೋಮ ಉದುರಿತು. ಈಗ ಹೆಂಗಸರಿಗೆ ಮೊದಲ ದಿನವೇ ಫೋಟೋ ತೋರಿಸಿ, ಒಪ್ಪಿದರೆ ಮಾತ್ರ ಮಿನಾಕ್ಸಿಡಿಲ್ ಕೊಡುತ್ತೇನೆ.

ಆ ಟೀಚರಮ್ಮನ ನಂತರ ಎಲ್ಲರ ಚೀಟಿಯ ಮೇಲೂ "ತಟ್ಟನೆ ಬಿಡಬೇಡಿ" ಅಂತ ಕೆಂಪು ಪೆನ್ನಲ್ಲಿ ಬರೆಯುತ್ತೇನೆ. ಹತ್ತು ದಿನದ ಮಾತ್ರೆ ಬೇರೆ ಡಬ್ಬಿಯಲ್ಲಿ ಇಟ್ಟಿರಬೇಕು, ಊರಿನ ಅಂಗಡಿಯಲ್ಲಿ ಕೇಳಿದರೆ ಲೋಷನ್ನೇ ಸಿಗುವುದು.